ಟೈಮ್‌ಔಟ್ ಆದ ಆರ್ಡರ್ ಎರಡು ಬಾರಿ ಹೋಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಷೇರು ಅಥವಾ ಕ್ರಿಪ್ಟೊ ಮಾರುಕಟ್ಟೆಗೆ ಆರ್ಡರ್ ಕಳುಹಿಸುವ ತಂತ್ರಾಂಶ ಬರೆಯುವವರಿಗಾಗಿ ಈ ಪುಟ. ಆರ್ಡರ್ ಸರ್ವರನ್ನು ತಾವೇ ನಡೆಸುವವರಿಗೂ, ಬೇರೊಬ್ಬರ ಎಪಿಐ ಮೂಲಕ ಆರ್ಡರ್ ಹಾಕುವವರಿಗೂ ಇಲ್ಲಿ ಉತ್ತರಗಳಿವೆ.

### ಟೈಮ್‌ಔಟ್ ಬಂದಿತೆಂದರೆ ಆರ್ಡರ್ ಹೋಗಿಲ್ಲ ಎಂದು ತಿಳಿಯಬಹುದೇ?

ತಿಳಿಯಬಾರದು. ಎಲ್ಲ ತೊಂದರೆಯೂ ಈ ಒಂದು ಊಹೆಯಿಂದಲೇ ಹುಟ್ಟುತ್ತದೆ. ವಿನಂತಿ ಸರ್ವರನ್ನು ತಲುಪುವ ಮೊದಲೇ ದಾರಿಯಲ್ಲಿ ಕಳೆದುಹೋಗಿರಬಹುದು. ತಲುಪಿದರೂ ಸರ್ವರ್ ಅದನ್ನು ಇನ್ನೂ ಸಂಸ್ಕರಿಸುತ್ತಿರಬಹುದು. ಅಥವಾ ಆರ್ಡರ್ ಎಕ್ಸ್‌ಚೇಂಜಿಗೆ ಹೋಗಿ, ಟ್ರೇಡ್ ಕೂಡ ಆಗಿ, ಉತ್ತರ ಮಾತ್ರ ಮರಳುವ ದಾರಿಯಲ್ಲಿ ಬಿದ್ದುಹೋಗಿರಬಹುದು. ಕಳುಹಿಸಿದವನ ಕಡೆಯಿಂದ ನೋಡಿದರೆ ಈ ಮೂರೂ ಒಂದೇ ರೀತಿ ಕಾಣುತ್ತವೆ. ರಿಜಿಸ್ಟರ್ ಅಂಚೆಯ ಸ್ವೀಕೃತಿ ಚೀಟಿ ಮರಳಿ ಬರಲಿಲ್ಲವೆಂದ ಮಾತ್ರಕ್ಕೆ ಪತ್ರ ತಲುಪಿಲ್ಲವೆಂದು ಯಾರೂ ಹೇಳಲಾರರು.

ಹೀಗಾಗಿ ಆರ್ಡರಿನ ಸ್ಥಿತಿಗಳಲ್ಲಿ ಯಶಸ್ಸು ಮತ್ತು ವೈಫಲ್ಯಗಳ ಜೊತೆಗೆ "ಗೊತ್ತಿಲ್ಲ" ಎಂಬ ಮೂರನೆಯದೂ ಇರಲೇಬೇಕು. ಇದನ್ನು ಎಕ್ಸ್‌ಚೇಂಜ್‌ಗಳೇ ಒಪ್ಪಿಕೊಂಡಿವೆ: ಬೈನಾನ್ಸ್ ಎಪಿಐಯಲ್ಲಿ `-1007` ಎಂಬ ದೋಷ ಸಂಖ್ಯೆಯ ಅರ್ಥವೇ "ಒಳಗಿನ ಸರ್ವರಿನಿಂದ ಉತ್ತರ ಬರಲಿಲ್ಲ, ಆರ್ಡರ್ ಏನಾಯಿತೆಂದು ಗೊತ್ತಿಲ್ಲ" ಎಂದು. ಅದೇ ಎಪಿಐಯ ದಾಖಲೆಯು 5xx ಉತ್ತರವನ್ನು ವೈಫಲ್ಯವೆಂದು ಪರಿಗಣಿಸಬಾರದೆಂದೂ ಸ್ಪಷ್ಟವಾಗಿ ಹೇಳುತ್ತದೆ.

### ಹಾಗಾದರೆ ಟೈಮ್‌ಔಟ್ ಆದಾಗ ಮರುಪ್ರಯತ್ನವನ್ನೇ ಮಾಡದಿದ್ದರೆ ಸಾಲದೇ?

ತಂತ್ರಾಂಶ ಮಾಡದಿದ್ದರೆ ಮನುಷ್ಯ ಮಾಡುತ್ತಾನೆ. ಪರದೆಯಲ್ಲಿ "ದೋಷ" ಎಂದು ಕಂಡ ಗ್ರಾಹಕ ಖರೀದಿ ಗುಂಡಿಯನ್ನು ಮತ್ತೆ ಒತ್ತುತ್ತಾನೆ, ಆಗ ಹೊರಡುವುದು ಎಲ್ಲ ರೀತಿಯಲ್ಲೂ ಹೊಸ ಆರ್ಡರ್. ಮೇಲಾಗಿ, ಸ್ಟಾಪ್‌ಲಾಸ್‌ನಂತಹ ಆರ್ಡರ್ ನಿಜವಾಗಿಯೂ ಹೋಗದೆ ಉಳಿದರೆ ಆಗುವ ನಷ್ಟ ಎರಡು ಬಾರಿ ಹೋಗುವ ನಷ್ಟಕ್ಕಿಂತ ಕಡಿಮೆಯೇನಲ್ಲ. ಆದ್ದರಿಂದ ಮರುಪ್ರಯತ್ನವನ್ನು ತಡೆಯುವ ಬದಲು, ಎಷ್ಟು ಬಾರಿ ಮಾಡಿದರೂ ಪರಿಣಾಮ ಒಂದೇ ಆಗುವಂತೆ ಆರ್ಡರ್ ಸಲ್ಲಿಕೆಯನ್ನು ಐಡೆಂಪೊಟೆಂಟ್ ಆಗಿಸಬೇಕು.

### ಒಂದೇ ಷೇರು, ಒಂದೇ ಸಂಖ್ಯೆ, ಒಂದೇ ಬೆಲೆಯ ಎರಡನೆಯ ಆರ್ಡರನ್ನು ಕೆಲವು ಸೆಕೆಂಡು ತಡೆದರೆ ಆಗದೇ?

ಬಹಳ ಮಂದಿ ಮೊದಲು ಯೋಚಿಸುವುದು ಇದನ್ನೇ, ಮತ್ತು ಇದು ಎರಡು ಕಡೆಯಿಂದಲೂ ಕೈಕೊಡುತ್ತದೆ. ದೊಡ್ಡ ಆರ್ಡರನ್ನು ತುಂಡುಗಳಾಗಿ ಕಳುಹಿಸುವ ಅಲ್ಗಾರಿದಮ್ ಒಂದೇ ಸೆಕೆಂಡಿನಲ್ಲಿ ತಲಾ 100 ಷೇರಿನ ಮೂರು ಒಂದೇ ತೆರನ ಆರ್ಡರ್‌ಗಳನ್ನು ಬೇಕೆಂದೇ ಕಳುಹಿಸಬಹುದು. ತಡೆಗೋಡೆ ಅವುಗಳಲ್ಲಿ ಎರಡನ್ನು ನುಂಗಿಹಾಕುತ್ತದೆ. ಇನ್ನೊಂದು ಕಡೆ, ಐದು ಸೆಕೆಂಡಿನ ತಡೆ ಇಟ್ಟಿರುವಾಗ ಮರುಪ್ರಯತ್ನ ಆರನೆಯ ಸೆಕೆಂಡಿಗೆ ಬಂದರೆ ಅದು ಸಲೀಸಾಗಿ ಒಳಗೆ ಹೋಗುತ್ತದೆ.

ಒಂದೇ ತೆರನ ಎರಡು ಆರ್ಡರ್‌ಗಳಿಗೂ ಒಂದೇ ಆರ್ಡರನ್ನು ಎರಡು ಸಲ ಕಳುಹಿಸುವುದಕ್ಕೂ ಇರುವ ವ್ಯತ್ಯಾಸ ಆರ್ಡರಿನ ವಿವರಗಳಲ್ಲಿ ಇಲ್ಲ, ಕಳುಹಿಸಿದವನ ಉದ್ದೇಶದಲ್ಲಿದೆ. ಆ ಉದ್ದೇಶಕ್ಕೆ ಕಳುಹಿಸುವವನೇ ಹೆಸರಿಡಬೇಕು. ಆ ಹೆಸರೇ ಐಡೆಂಪೊಟೆನ್ಸಿ ಕೀ. ಬ್ರೋಕರ್‌ಗಳೂ ಎಕ್ಸ್‌ಚೇಂಜ್‌ಗಳೂ ಆರ್ಡರ್ ಸಂದೇಶಗಳಿಗೆ ಬಳಸುವ ಫಿಕ್ಸ್ ಪ್ರೋಟೋಕಾಲಿನಲ್ಲಿ ಇದೇ ಕೆಲಸವನ್ನು 11ನೇ ಟ್ಯಾಗ್ ಆದ `ClOrdID` ಮಾಡುತ್ತದೆ, ಅಂದರೆ ವಿಚಾರ ಹೊಸದಲ್ಲ.

### ಕೀಯನ್ನು ಯಾವಾಗ, ಎಲ್ಲಿ ಹುಟ್ಟಿಸಬೇಕು?

ನಿರ್ಧಾರವಾದ ಕ್ಷಣದಲ್ಲಿ, ಮೊದಲ ಬಾರಿ ಕಳುಹಿಸುವುದಕ್ಕೆ ಮುಂಚೆ, ಮರುಪ್ರಯತ್ನದ ಲೂಪಿನ ಹೊರಗೆ. ಲೂಪಿನ ಒಳಗೆ, ಅಂದರೆ ವಿನಂತಿಯನ್ನು ಜೋಡಿಸುವ ಫಂಕ್ಷನ್ನಿನಲ್ಲಿ ಕೀ ಹುಟ್ಟಿಸುವುದು ಕೋಡ್ ಪರಿಶೀಲನೆಯಲ್ಲಿ ಮತ್ತೆ ಮತ್ತೆ ಕಾಣಸಿಗುವ ತಪ್ಪು. ಹಾಗೆ ಮಾಡಿದರೆ ಪ್ರತಿ ಪ್ರಯತ್ನಕ್ಕೂ ಹೊಸ ಕೀ ಬರುತ್ತದೆ. ಲಾಗಿನಲ್ಲಿ ಎಲ್ಲವೂ ಸರಿಯಾಗಿದ್ದಂತೆ ಕಾಣುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ.

```python
key = new_key()
store.save(key, order)        # ಡಿಸ್ಕಿಗೆ ಬರೆದ ನಂತರವೇ ಮುಂದೆ
for wait in (0.5, 1, 2):
    try:
        return send(order, key)
    except Timeout:
        sleep(wait)
return mark_unknown(key)
```

ಎರಡನೆಯ ಸಾಲನ್ನು ಬಿಟ್ಟುಬಿಡುವ ಮನಸ್ಸಾಗುತ್ತದೆ, ಬಿಡಬಾರದು. ಕೀ ಕೇವಲ ಮೆಮೊರಿಯಲ್ಲಿದ್ದು, ಟೈಮ್‌ಔಟ್ ಆದ ನಡುವೆ ಪ್ರಕ್ರಿಯೆಯೇ ಸತ್ತು ಮತ್ತೆ ಎದ್ದರೆ, ಹಳೆಯ ಆರ್ಡರ್ ಕಳುಹಿಸಿದ್ದೇ ಅದಕ್ಕೆ ನೆನಪಿರುವುದಿಲ್ಲ. ತನ್ನ ತಂತ್ರದ ಪ್ರಕಾರ ಅದೇ ಆರ್ಡರನ್ನು ಹೊಸ ಕೀಯೊಂದಿಗೆ ಮತ್ತೆ ಕಳುಹಿಸುತ್ತದೆ. ಕೊನೆಯ ಸಾಲೂ ಅಷ್ಟೇ ಮುಖ್ಯ. ಪ್ರಯತ್ನಗಳು ಮುಗಿದರೆ ಆರ್ಡರ್ "ವಿಫಲ" ಆಗುವುದಿಲ್ಲ, "ಗೊತ್ತಿಲ್ಲ" ಆಗುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ಫಾರಂ ತೆರೆದಾಗಲೇ ಕೀ ಹುಟ್ಟಿಸಿ, ಸ್ಪಷ್ಟ ಉತ್ತರ ಬರುವವರೆಗೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ. ಆಗ ಗಾಬರಿಯಲ್ಲಿ ಗುಂಡಿಯನ್ನು ಮೂರು ಬಾರಿ ಒತ್ತಿದರೂ ಮೂರೂ ಒಂದೇ ಆರ್ಡರ್ ಆಗುತ್ತವೆ. ಬಳಕೆದಾರನು ಷೇರುಗಳ ಸಂಖ್ಯೆಯನ್ನೋ ಬೆಲೆಯನ್ನೋ ಬದಲಿಸಿದರೆ ಅದು ಬೇರೆ ಉದ್ದೇಶ, ಅದಕ್ಕೆ ಬೇರೆ ಕೀ. ಆದರೆ ಹಿಂದಿನ ಕೀಯ ಆರ್ಡರ್ "ಗೊತ್ತಿಲ್ಲ" ಸ್ಥಿತಿಯಲ್ಲಿರುವಾಗ ಹಾಗೆ ಬದಲಿಸಲು ಬಿಡುವ ಮೊದಲು ಆ ಸಂಗತಿಯನ್ನು ಪರದೆಯ ಮೇಲೆ ತೋರಿಸಬೇಕು.

### ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುವಿರಾ?

ರಾಷ್ಟ್ರೀಯ ಷೇರುಪೇಟೆಯಲ್ಲಿ ಸಾಮಾನ್ಯ ವಹಿವಾಟು ಬೆಳಿಗ್ಗೆ 9:15ಕ್ಕೆ ಆರಂಭವಾಗುತ್ತದೆ. ಆ ಮೊದಲ ಕ್ಷಣಗಳಲ್ಲಿ ಬ್ರೋಕರ್ ಸರ್ವರ್‌ಗಳ ಮೇಲೆ ಒತ್ತಡ ಹೆಚ್ಚು, ಟೈಮ್‌ಔಟ್‌ಗಳೂ ಹೆಚ್ಚು. ಒಬ್ಬ ಹೂಡಿಕೆದಾರ ಇನ್ಫೋಸಿಸ್‌ನ 200 ಷೇರುಗಳನ್ನು 1,500 ರೂಪಾಯಿ ಮಿತಿ ಬೆಲೆಗೆ ಕೊಳ್ಳಲು ಗುಂಡಿ ಒತ್ತುತ್ತಾನೆ ಎಂದಿಟ್ಟುಕೊಳ್ಳೋಣ. ಮೊತ್ತ 3 ಲಕ್ಷ ರೂಪಾಯಿ. ಆ್ಯಪ್‌ನ ಟೈಮ್‌ಔಟ್ 3 ಸೆಕೆಂಡು.

9:15:00.1ಕ್ಕೆ ವಿನಂತಿ ಹೊರಡುತ್ತದೆ. 9:15:00.2ಕ್ಕೆ ಸರ್ವರ್ ಅದನ್ನು ಪಡೆದು, ಕೀಯೊಂದಿಗೆ ಡೇಟಾಬೇಸಿನಲ್ಲಿ ಒಂದು ಸಾಲನ್ನು ಬರೆದು, ಎಕ್ಸ್‌ಚೇಂಜಿಗೆ ಕಳುಹಿಸುತ್ತದೆ. ಅಲ್ಲಿ ಆರ್ಡರ್‌ಗಳ ಸರತಿ ಉದ್ದವಿದ್ದು, ಸ್ವೀಕೃತಿ ಬರುವುದು 9:15:03.4ಕ್ಕೆ. ಅಷ್ಟರೊಳಗೆ, 9:15:03.1ಕ್ಕೇ ಆ್ಯಪ್ ತಾಳ್ಮೆ ಕಳೆದುಕೊಂಡು ಟೈಮ್‌ಔಟ್ ಘೋಷಿಸಿದೆ. ಅರ್ಧ ಸೆಕೆಂಡು ಬಿಟ್ಟು 9:15:03.6ಕ್ಕೆ ಅದು ಮರುಪ್ರಯತ್ನ ಮಾಡುತ್ತದೆ.

ಕೀ ಇಲ್ಲದ ವ್ಯವಸ್ಥೆಯಲ್ಲಿ ಇದು ಎರಡನೆಯ ಆರ್ಡರ್. ಹೂಡಿಕೆದಾರನ ಬಳಿ 400 ಷೇರುಗಳು, ಹೊಣೆ 6 ಲಕ್ಷ. ಖಾತೆಯಲ್ಲಿ 4 ಲಕ್ಷ ಮಾತ್ರ ಇದ್ದರೆ ಎರಡನೆಯದು ಮಾರ್ಜಿನ್ ಸಾಲದೆ ತಿರಸ್ಕೃತವಾಗಬಹುದು. ಇದನ್ನು ರಕ್ಷಣೆ ಎಂದು ನಂಬಿಕೊಂಡವರಿದ್ದಾರೆ, ಆದರೆ ಅದು ಖಾತೆಯಲ್ಲಿ ಹಣ ಕಡಿಮೆಯಿದ್ದ ಅದೃಷ್ಟವಷ್ಟೇ. ಕೀ ಇರುವ ವ್ಯವಸ್ಥೆಯಲ್ಲಾದರೆ ಸರ್ವರ್ ಅದೇ ಕೀಯ ಸಾಲನ್ನು ಕಂಡು, ಹೊಸದೇನನ್ನೂ ಮಾಡದೆ, ಮೊದಲ ಆರ್ಡರಿನ ಸಂಖ್ಯೆಯನ್ನೂ ಈಗಿನ ಸ್ಥಿತಿಯನ್ನೂ ಮರಳಿಸುತ್ತದೆ. ಮರುಪ್ರಯತ್ನವು 9:15:03.4ಕ್ಕಿಂತ ಮೊದಲೇ ಬಂದಿದ್ದರೆ ಎಕ್ಸ್‌ಚೇಂಜಿನ ಸ್ವೀಕೃತಿ ಇನ್ನೂ ಇರುತ್ತಿರಲಿಲ್ಲ. ಆಗ "ಪ್ರಕ್ರಿಯೆಯಲ್ಲಿದೆ" ಎಂಬ ಸ್ಥಿತಿಯೊಂದಿಗೆ ಅದೇ ಆರ್ಡರ್ ಸಂಖ್ಯೆ ಹೋಗಬೇಕು, ದೋಷವಲ್ಲ.

ಇಲ್ಲೊಂದು ಉಪಯುಕ್ತ ಬದಲಾವಣೆ ಸಾಧ್ಯ. ಸರ್ವರ್ ತನ್ನ ಡೇಟಾಬೇಸಿಗೆ ಬರೆದ ಕೂಡಲೇ, ಎಕ್ಸ್‌ಚೇಂಜಿಗಾಗಿ ಕಾಯದೆ, 9:15:00.2ಕ್ಕೇ ಆರ್ಡರ್ ಸಂಖ್ಯೆಯನ್ನು ಮರಳಿಸಿದ್ದರೆ ಈ ಟೈಮ್‌ಔಟ್ ಆಗುತ್ತಲೇ ಇರಲಿಲ್ಲ. ಹಾಗೆಂದು ಕೀ ಬೇಡವಾಗುವುದಿಲ್ಲ. ಫೋನು ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹಾರುವಾಗ ಆ ಚಿಕ್ಕ ಉತ್ತರವೂ ಕಳೆದುಹೋಗಬಲ್ಲದು.

### ಸರ್ವರ್ ಕಡೆಯಲ್ಲಿ "ಕೀ ಇದೆಯೇ ನೋಡು, ಇಲ್ಲದಿದ್ದರೆ ಬರೆ" ಎಂದು ಮಾಡಿದರೆ ಸಾಕೇ?

ಸಾಲದು. ಮೊದಲ ವಿನಂತಿ ಮತ್ತು ಅದರ ಮರುಪ್ರಯತ್ನ ಎರಡು ಬೇರೆ ಸರ್ವರ್‌ಗಳಿಗೆ ಬಹುತೇಕ ಒಟ್ಟಿಗೇ ಬರಬಹುದು. ಎರಡೂ ನೋಡುತ್ತವೆ, ಎರಡಕ್ಕೂ ಕೀ ಕಾಣುವುದಿಲ್ಲ, ಎರಡೂ ಬರೆಯುತ್ತವೆ. ನೋಡುವುದೂ ಬರೆಯುವುದೂ ಒಂದೇ ಅವಿಭಾಜ್ಯ ಕ್ರಿಯೆಯಾಗಬೇಕು, ಅದಕ್ಕೆ ಡೇಟಾಬೇಸಿನ ಯೂನಿಕ್ ನಿರ್ಬಂಧಕ್ಕಿಂತ ಸರಳವಾದ ಸಾಧನವಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ ಬರೆಯಬಹುದು:

```sql
INSERT INTO orders (client_id, idem_key, body_hash, state)
VALUES ($1, $2, $3, 'RECEIVED')
ON CONFLICT (client_id, idem_key) DO NOTHING
RETURNING order_id;
```

ಸಾಲು ಮರಳಿ ಬಂದರೆ ಇದು ಹೊಸ ಆರ್ಡರ್. ಬರದಿದ್ದರೆ ಹಳೆಯದು, ಅದನ್ನು ಪ್ರತ್ಯೇಕವಾಗಿ ಓದಿ ಉತ್ತರಿಸಬೇಕು. ಮೊದಲ ವ್ಯವಹಾರ ಇನ್ನೂ ಕಮಿಟ್ ಆಗಿರದಿದ್ದರೆ ಎರಡನೆಯದು ಅದು ಮುಗಿಯುವವರೆಗೆ ಕಾಯುತ್ತದೆ. ಆದ್ದರಿಂದಲೇ ಈ ವ್ಯವಹಾರದ ಒಳಗೆ ಎಕ್ಸ್‌ಚೇಂಜಿಗೆ ಕರೆ ಮಾಡಬಾರದು. ಮಾಡಿದರೆ ಮರುಪ್ರಯತ್ನವೂ ಅಲ್ಲೇ ಸಿಕ್ಕಿಕೊಂಡು ಮತ್ತೆ ಟೈಮ್‌ಔಟ್ ಆಗುತ್ತದೆ. ನಿರ್ಬಂಧದಲ್ಲಿ `client_id` ಕೂಡ ಸೇರಿರುವುದನ್ನು ಗಮನಿಸಿ: ಇಬ್ಬರು ಗ್ರಾಹಕರು ಅಕಸ್ಮಾತ್ ಒಂದೇ ಕೀ ಬಳಸಿದರೆ ಒಬ್ಬರ ಆರ್ಡರ್ ಇನ್ನೊಬ್ಬರಿಗೆ ಕಾಣಿಸಬಾರದು.

`body_hash` ಇರುವುದು ಇನ್ನೊಂದು ತಪ್ಪನ್ನು ಹಿಡಿಯಲಿಕ್ಕೆ. ಅದೇ ಕೀಯೊಂದಿಗೆ 200ರ ಬದಲು 300 ಷೇರಿನ ಆರ್ಡರ್ ಬಂದರೆ, ಹಳೆಯ ಉತ್ತರವನ್ನು ಮೌನವಾಗಿ ಕೊಡುವುದೂ ತಪ್ಪು, ಹೊಸ ಆರ್ಡರ್ ಹಾಕುವುದೂ ತಪ್ಪು. ಅದನ್ನು ಸ್ಪಷ್ಟ ದೋಷದೊಂದಿಗೆ ತಿರಸ್ಕರಿಸಬೇಕು, ಏಕೆಂದರೆ ಕಳುಹಿಸಿದವನ ಕೋಡಿನಲ್ಲಿ ಕೀಯನ್ನು ಮರುಬಳಕೆ ಮಾಡುವ ದೋಷವಿದೆ.

### ಡೇಟಾಬೇಸಿಗೆ ಬರೆದು, ಎಕ್ಸ್‌ಚೇಂಜಿಗೆ ಕಳುಹಿಸುವ ನಡುವೆ ಸರ್ವರ್ ಬಿದ್ದುಹೋದರೆ?

ಈ ಪುಟದಲ್ಲಿ ಅತ್ಯಂತ ಕಠಿಣವಾದ ಪ್ರಶ್ನೆ ಇದು. ಆ್ಯಪ್ ಮತ್ತು ಸರ್ವರ್ ನಡುವೆ ಇದ್ದ ಅನಿಶ್ಚಿತತೆಯನ್ನು ನಾವು ಪರಿಹರಿಸಿಲ್ಲ, ಸರ್ವರ್ ಮತ್ತು ಎಕ್ಸ್‌ಚೇಂಜ್ ನಡುವಿನ ಹಂತಕ್ಕೆ ತಳ್ಳಿದ್ದೇವೆ. ಅಲ್ಲಿ ಮತ್ತೊಮ್ಮೆ ಅದೇ ಶಿಸ್ತು ಬೇಕು.

ಆರ್ಡರ್ ಕಳುಹಿಸುವ ಪ್ರಕ್ರಿಯೆ `RECEIVED` ಸ್ಥಿತಿಯ ಸಾಲನ್ನು ಎತ್ತಿಕೊಂಡು, ಮೊದಲು ಅದನ್ನು `SENDING` ಎಂದು ಬದಲಿಸಿ ಕಮಿಟ್ ಮಾಡಬೇಕು, ಆಮೇಲೆ ಕಳುಹಿಸಬೇಕು, ಸ್ವೀಕೃತಿ ಬಂದ ಮೇಲೆ `ACKED` ಎಂದು ಬರೆಯಬೇಕು. ಈ ಕ್ರಮದ ಫಲ ಮರುಪ್ರಾರಂಭದ ಹೊತ್ತಿಗೆ ಕಾಣುತ್ತದೆ. `RECEIVED` ಎಂದಿರುವ ಸಾಲು ಖಂಡಿತವಾಗಿ ಹೊರಗೆ ಹೋಗಿಲ್ಲ, ಅವಧಿ ಮೀರಿರದಿದ್ದರೆ ಕಳುಹಿಸಬಹುದು. `SENDING` ಎಂದಿರುವುದು ಹೋಗಿರಲೂಬಹುದು, ಇರದೆಯೂ ಇರಬಹುದು. ಅದನ್ನು ಮತ್ತೆ ಕಳುಹಿಸುವ ಮೊದಲು ಎಕ್ಸ್‌ಚೇಂಜನ್ನು ಕೇಳಬೇಕು. ಕಳುಹಿಸಿದ ನಂತರ ಸ್ಥಿತಿ ಬರೆಯುವ ವಿನ್ಯಾಸದಲ್ಲಿ ಈ ಎರಡು ಗುಂಪುಗಳು ಬೆರೆತುಹೋಗುತ್ತವೆ, ಆಗ ಯಾವ ಜಾಣತನವೂ ಅವುಗಳನ್ನು ಬೇರ್ಪಡಿಸಲಾರದು.

ಫಿಕ್ಸ್ ಸಂಪರ್ಕವಿದ್ದರೆ ಕೇಳುವ ದಾರಿ `35=H`, ಅಂದರೆ ಆರ್ಡರ್ ಸ್ಥಿತಿಯ ವಿಚಾರಣೆ, ಅದೇ `ClOrdID`ಯೊಂದಿಗೆ. ಮತ್ತೆ ಕಳುಹಿಸಲೇಬೇಕಾದರೆ ಅದೇ `ClOrdID`ಯನ್ನು ಬಳಸಬೇಕು. ಮೊದಲನೆಯದು ತಲುಪಿದ್ದು, ಎದುರಿನವರು ನಕಲನ್ನು ಪರಿಶೀಲಿಸುವವರಾದರೆ ತಿರಸ್ಕಾರದಲ್ಲಿ `103=6` ಬರುತ್ತದೆ, ಅದರ ಅರ್ಥ "ನಕಲು ಆರ್ಡರ್". ಇದನ್ನು ಸೋಲೆಂದು ದಾಖಲಿಸಿ ಗ್ರಾಹಕನಿಗೆ "ಆರ್ಡರ್ ತಿರಸ್ಕೃತ" ಎಂದು ತೋರಿಸುವ ವ್ಯವಸ್ಥೆಗಳಿವೆ. ಅದು ದೊಡ್ಡ ಪ್ರಮಾದ: ಮೊದಲ ಆರ್ಡರ್ ಜೀವಂತವಾಗಿದೆ ಎಂಬುದಕ್ಕೆ ಅದೇ ಪುರಾವೆ.

ಫಿಕ್ಸ್‌ನ ಎರಡು ಧ್ವಜಗಳನ್ನೂ ಬೆರೆಸಬಾರದು. `43=Y` ಎಂದರೆ ಹಳೆಯ ಕ್ರಮಸಂಖ್ಯೆಯಲ್ಲೇ ಸೆಷನ್ ಮಟ್ಟದಲ್ಲಿ ಪುನಃ ಕಳುಹಿಸಿದ ಸಂದೇಶ. `97=Y` ಎಂದರೆ ಹೊಸ ಕ್ರಮಸಂಖ್ಯೆಯಲ್ಲಿ ಬಂದ, ಆದರೆ ಒಳಗಿನ ವಿಷಯ ಹಿಂದೆಯೇ ಬಂದಿರಬಹುದಾದ ಸಂದೇಶ. ಸಂಪರ್ಕ ಕಡಿದು ಮತ್ತೆ ಜೋಡಿಸಿದಾಗ ಎದುರಿನವರು ಹಳೆಯ ಸಂದೇಶಗಳನ್ನು ಕೇಳಿದರೆ, ಹೊಸ ಆರ್ಡರ್‌ಗಳನ್ನು ಹಾಗೆಯೇ ಮತ್ತೆ ಕಳುಹಿಸದೆ, ಆ ಕ್ರಮಸಂಖ್ಯೆಗಳನ್ನು ದಾಟಿ ಮುಂದೆ ಹೋಗಲು ಹೇಳುವ ಗ್ಯಾಪ್‌ಫಿಲ್ ಸಂದೇಶ ಕೊಡುವುದು ವಾಡಿಕೆ, ಏಕೆಂದರೆ ಅಷ್ಟರಲ್ಲಿ ಬೆಲೆ ಬದಲಾಗಿರುತ್ತದೆ. ಇದೇ ಕಾರಣಕ್ಕೆ ಪ್ರತಿ ಸಾಲಿನಲ್ಲೂ "ಇಷ್ಟು ಹೊತ್ತಿನ ನಂತರ ಕಳುಹಿಸಬೇಡ" ಎಂಬ ಗಡುವು ಇರಬೇಕು. 9:15ರ ಆರ್ಡರ್ ಮರುಪ್ರಾರಂಭದ ನಂತರ 9:40ಕ್ಕೆ ಹೊರಟರೆ, ಅದು ಒಂದೇ ಬಾರಿ ಹೋದರೂ ಗ್ರಾಹಕ ಬಯಸಿದ ಆರ್ಡರ್ ಅಲ್ಲ.

### ನಾನು ಬಳಸುವ ಬ್ರೋಕರ್ ಎಪಿಐಯಲ್ಲಿ ಇಂತಹ ಕೀಯೇ ಇಲ್ಲ. ಏನು ಮಾಡಲಿ?

ಗುರುತು ಹಾಕುವ ಅವಕಾಶವಾದರೂ ಇದೆಯೇ ನೋಡಿ. ಬೆಂಗಳೂರಿನ ಜೆರೋಧಾದ ಕೈಟ್ ಕನೆಕ್ಟ್ ಎಪಿಐಯಲ್ಲಿ `tag` ಎಂಬ ಐಚ್ಛಿಕ ಕ್ಷೇತ್ರವಿದೆ. ಅಕ್ಷರ ಮತ್ತು ಅಂಕಿಗಳು ಮಾತ್ರ, ಗರಿಷ್ಠ 20. ಇದು ನಕಲನ್ನು ತಡೆಯುವುದಿಲ್ಲ, ಒಂದೇ `tag`ನ ಎರಡು ಆರ್ಡರ್‌ಗಳು ಹೋಗಬಲ್ಲವು. ಆದರೆ ಆ ದಿನದ ಆರ್ಡರ್‌ಗಳ ಪಟ್ಟಿಯನ್ನು `GET /orders` ಮೂಲಕ ತರಿಸಿ ನಿಮ್ಮ ಗುರುತನ್ನು ಹುಡುಕಬಹುದು. 36 ಅಕ್ಷರಗಳ ಯುಯುಐಡಿ ಇದರಲ್ಲಿ ಹಿಡಿಸುವುದಿಲ್ಲ, ಗೆರೆ ತೆಗೆದ 32 ಕೂಡ ಹಿಡಿಸುವುದಿಲ್ಲ. ದಿನಾಂಕ, ತಂತ್ರದ ಸಂಖ್ಯೆ ಮತ್ತು ಅನುಕ್ರಮ ಸಂಖ್ಯೆ ಸೇರಿಸಿ `260105S3N000417`ರಂತೆ ಕಟ್ಟಿದರೆ ಲಾಗಿನಲ್ಲಿ ಓದಲಿಕ್ಕೂ ಹಿತ. ಕತ್ತರಿಸಿದ ಯುಯುಐಡಿಗಿಂತ ಇದು ಮೇಲು ಎಂದು ನನ್ನ ಅಭಿಪ್ರಾಯ.

ಟೈಮ್‌ಔಟ್ ಆದರೆ ಮೊದಲು ಪಟ್ಟಿ, ಆಮೇಲೆ ಮರುಪ್ರಯತ್ನ. ಗುರುತು ಸಿಕ್ಕಿದರೆ ಕಥೆ ಮುಗಿಯಿತು. ಸಿಗದಿದ್ದರೆ? ಇಲ್ಲಿ ಎಚ್ಚರ ಬೇಕು: ನೀವು ಪಟ್ಟಿ ನೋಡಿದ ಹೊತ್ತಿನಲ್ಲಿ ನಿಮ್ಮ ವಿನಂತಿ ಇನ್ನೂ ಯಾವುದೋ ಸಾಲಿನಲ್ಲಿ ನಿಂತಿದ್ದು, ಎರಡು ಸೆಕೆಂಡು ಕಳೆದು ಕಾಣಿಸಿಕೊಳ್ಳಬಹುದು. "ಕಾಣಲಿಲ್ಲ" ಎಂಬುದು "ಇಲ್ಲ" ಎಂಬುದಕ್ಕೆ ಸಮವಲ್ಲ. ಸ್ವಲ್ಪ ಸ್ವಲ್ಪ ಅಂತರದಲ್ಲಿ ಹಲವು ಬಾರಿ ನೋಡಿ, ಆಮೇಲೂ ಕಾಣದಿದ್ದರೆ ಮಾತ್ರ ಕಳುಹಿಸಿ. ಕಳುಹಿಸಿದ ಮೇಲೂ ಅದೇ ಗುರುತಿನ ಎರಡು ಆರ್ಡರ್ ಬಂದಿವೆಯೇ ಎಂದು ನೋಡಿ, ಬಂದಿದ್ದರೆ ತೆರೆದಿರುವ ಒಂದನ್ನು ರದ್ದುಮಾಡಿ. ಇದು ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ಮಿತಿ ಬೆಲೆಯ ಆರ್ಡರಿಗೆ ಇಷ್ಟು ಸಾಕಾಗಬಹುದು. ಮಾರ್ಕೆಟ್ ಆರ್ಡರಿಗೆ ಸ್ವಯಂಚಾಲಿತ ಮರುಪ್ರಯತ್ನ ಬೇಡ, ಮನುಷ್ಯನಿಗೆ ತೋರಿಸಿ.

### ಎಪಿಐಯಲ್ಲಿ ಕ್ಲೈಂಟ್ ಆರ್ಡರ್ ಐಡಿ ಇದೆ. ಅದನ್ನು ಕಳುಹಿಸಿದರೆ ನಿಶ್ಚಿಂತೆಯೇ?

ಆ ಐಡಿ ಎಷ್ಟು ಕಾಲ, ಯಾವುದರ ನಡುವೆ ಅನನ್ಯ ಎಂಬುದನ್ನು ಓದದೆ ನಿಶ್ಚಿಂತೆ ಬೇಡ. ಅಮೆರಿಕದ ಅಲ್ಪಾಕಾ ಎಪಿಐಯಲ್ಲಿ ಒಮ್ಮೆ ಬಳಸಿದ `client_order_id` ಮತ್ತೆ ಬಂದರೆ ವಿನಂತಿ ತಿರಸ್ಕೃತವಾಗುತ್ತದೆ. ಬೈನಾನ್ಸ್ ಸ್ಪಾಟ್ ಮಾರುಕಟ್ಟೆಯ `newClientOrderId` ಹಾಗಲ್ಲ, ಅದು ತೆರೆದಿರುವ ಆರ್ಡರ್‌ಗಳ ನಡುವೆ ಮಾತ್ರ ಅನನ್ಯ. ಹಿಂದಿನ ಆರ್ಡರ್ ಪೂರ್ತಿ ಭರ್ತಿಯಾಗಿದ್ದರೆ ಅದೇ ಐಡಿಯ ಹೊಸ ಆರ್ಡರನ್ನು ಅದು ಸ್ವೀಕರಿಸುತ್ತದೆ. ಮಾರ್ಕೆಟ್ ಆರ್ಡರ್ ಮಿಲಿಸೆಕೆಂಡುಗಳಲ್ಲಿ ಭರ್ತಿಯಾಗುವುದರಿಂದ, ರಕ್ಷಣೆ ಅತಿ ಅಗತ್ಯವಾದ ಸಂದರ್ಭದಲ್ಲೇ ಅದು ಇಲ್ಲವಾಗುತ್ತದೆ: ಆರ್ಡರ್ ಭರ್ತಿಯಾಯಿತು, ಉತ್ತರ ಕಳೆದುಹೋಯಿತು, ಅದೇ ಐಡಿಯ ಮರುಪ್ರಯತ್ನ ಎರಡನೆಯ ಖರೀದಿಯಾಯಿತು. ಪರೀಕ್ಷೆಯಲ್ಲಿ ದೂರದ ಬೆಲೆಯ ಮಿತಿ ಆರ್ಡರ್ ಬಳಸಿದವರಿಗೆ ಇದು ಎಂದೂ ಕಾಣುವುದಿಲ್ಲ, ಏಕೆಂದರೆ ಅಂತಹ ಆರ್ಡರ್ ತೆರೆದೇ ಇರುತ್ತದೆ.

ಅಲ್ಲಿ ಸರಿಯಾದ ಕ್ರಮ, `GET /api/v3/order`ಗೆ `origClientOrderId` ಕೊಟ್ಟು ಮೊದಲು ವಿಚಾರಿಸುವುದು. ಇದರೊಂದಿಗೆ `recvWindow` ಎಂಬ ಸಹಾಯವೂ ಇದೆ. ವಿನಂತಿಯ `timestamp`ನಿಂದ ಇಷ್ಟು ಮಿಲಿಸೆಕೆಂಡು ಕಳೆದು ತಲುಪಿದ ಆರ್ಡರನ್ನು ಸರ್ವರೇ ತಿರಸ್ಕರಿಸುತ್ತದೆ; ಏನೂ ಹೇಳದಿದ್ದರೆ ಅದು 5000. ಆ ಅವಧಿಯೂ, ಗಡಿಯಾರಗಳ ವ್ಯತ್ಯಾಸಕ್ಕೆಂದು ಇನ್ನೊಂದಿಷ್ಟು ಹೊತ್ತೂ ಕಳೆದ ಮೇಲೆ ವಿಚಾರಿಸಿದಾಗ `-2013`, ಅಂದರೆ "ಅಂಥ ಆರ್ಡರ್ ಇಲ್ಲ" ಎಂದು ಬಂದರೆ, ಆ ಉತ್ತರವನ್ನು ಮೊದಲಿಗಿಂತ ಹೆಚ್ಚು ನಂಬಬಹುದು.

### ಕೀಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಮರುಪ್ರಯತ್ನ ಬರಬಹುದಾದ ಕೊನೆಯ ಗಳಿಗೆಗಿಂತ ಹೆಚ್ಚು. ಫಿಕ್ಸ್ ಕೇಳುವುದು ಕನಿಷ್ಠ ಒಂದು ವಹಿವಾಟು ದಿನದ ಅನನ್ಯತೆ. ಆರ್ಡರ್ ಕೋಷ್ಟಕದಲ್ಲೇ ಕೀ ಇದ್ದರೆ ಅಳಿಸುವ ಪ್ರಶ್ನೆಯೇ ಏಳುವುದಿಲ್ಲ. ಅವಧಿ ಮುಗಿದು ತಾನೇ ಅಳಿಯುವ ಕ್ಯಾಶ್‌ನಲ್ಲಿ ಮಾತ್ರ ಇಡಬೇಡಿ. ಮೆಮೊರಿ ತುಂಬಿದಾಗ ಅದು ಯಾವ ಕೀಯನ್ನು ಎಸೆಯುತ್ತದೆಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

### ನಾವು ಬರೆಯದಿದ್ದರೂ ಮರುಪ್ರಯತ್ನ ನಡೆಯುವ ಸಾಧ್ಯತೆ ಇದೆಯೇ?

ಇದೆ. ನಡುವಿನ ಪ್ರಾಕ್ಸಿಗಳನ್ನು ಮೊದಲು ನೋಡಿ. `nginx` ತನ್ನ 1.9.13 ಆವೃತ್ತಿಯಿಂದೀಚೆಗೆ, ಒಮ್ಮೆ ಕಳುಹಿಸಿದ `POST` ವಿನಂತಿಯನ್ನು ಬೇರೆ ಸರ್ವರಿಗೆ ತಾನಾಗಿ ದಾಟಿಸುವುದಿಲ್ಲ. ಆದರೆ `proxy_next_upstream` ಸಾಲಿನಲ್ಲಿ ಯಾರಾದರೂ `non_idempotent` ಎಂದು ಸೇರಿಸಿದ್ದರೆ ದಾಟಿಸುತ್ತದೆ. ಪೈಥಾನಿನ `urllib3` ಕೂಡ `POST`ಗೆ ತಾನಾಗಿ ಮರುಪ್ರಯತ್ನ ಮಾಡುವುದಿಲ್ಲ, `allowed_methods` ಬದಲಿಸಿದರೆ ಮಾಡುತ್ತದೆ. ಗೋ ಭಾಷೆಯ `net/http` ವಿನಂತಿಯಲ್ಲಿ `Idempotency-Key` ಶೀರ್ಷಿಕೆ ಕಂಡರೆ `POST` ಅನ್ನೂ ಐಡೆಂಪೊಟೆಂಟ್ ಎಂದು ನಂಬಿ, ಸಂಪರ್ಕ ಕಡಿದಾಗ ಮತ್ತೆ ಕಳುಹಿಸಬಲ್ಲದು. ಆದ್ದರಿಂದ ಸರ್ವರ್ ಅದನ್ನು ಗೌರವಿಸುವುದು ಖಚಿತವಾಗುವ ಮೊದಲು ಆ ಶೀರ್ಷಿಕೆಯನ್ನು ಸುಮ್ಮನೆ ಸೇರಿಸಬಾರದು.

### ತಿದ್ದುಪಡಿ ಮತ್ತು ರದ್ದತಿಗೂ ಇದೇ ನಿಯಮವೇ?

ರದ್ದತಿ ಸ್ವಭಾವತಃ ಐಡೆಂಪೊಟೆಂಟ್. ರದ್ದಾದುದನ್ನು ಮತ್ತೆ ರದ್ದುಮಾಡಿದರೆ ದೋಷ ಸಂದೇಶ ಬಂದೀತೇ ಹೊರತು ಹಾನಿಯಿಲ್ಲ. ತಿದ್ದುಪಡಿಯಲ್ಲಿ "50 ಹೆಚ್ಚಿಸು" ಎನ್ನದೆ "ಒಟ್ಟು 250 ಮಾಡು" ಎಂದು ಕಳುಹಿಸಿ.

### ಇದೆಲ್ಲ ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ಪರೀಕ್ಷಿಸುವುದು ಹೇಗೆ?

ಸರ್ವರನ್ನು ನಿಲ್ಲಿಸಿ ನೋಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಆಗ ವಿನಂತಿಯೇ ತಲುಪುವುದಿಲ್ಲ. ವಿನಂತಿ ತಲುಪಬೇಕು, ಉತ್ತರ ಮಾತ್ರ ಸಾಯಬೇಕು. ಟಾಕ್ಸಿಪ್ರಾಕ್ಸಿಯಂತಹ ಸಾಧನವನ್ನು ನಡುವೆ ಇಟ್ಟು, ಮರಳುವ ದಿಕ್ಕಿನಲ್ಲಿ ಮಾತ್ರ `timeout` ದೋಷವನ್ನು ತುಂಬಿದರೆ ಇದು ಸಾಧ್ಯ. ಆಮೇಲೆ ಎರಡು ಪ್ರಕರಣ ಸೇರಿಸಿ: ಒಂದೇ ಕೀಯ 20 ವಿನಂತಿಗಳನ್ನು ಏಕಕಾಲಕ್ಕೆ ಕಳುಹಿಸುವುದು, ಮತ್ತು `SENDING` ಎಂದು ಬರೆದ ಮರುಕ್ಷಣ ಪ್ರಕ್ರಿಯೆಯನ್ನು `kill -9` ಮಾಡುವುದು. ಪ್ರತಿ ಬಾರಿಯೂ ನಿಮ್ಮ ಕೋಷ್ಟಕದಲ್ಲಿ ಎಷ್ಟು ಸಾಲಿದೆ ಎಂದು ಎಣಿಸದೆ, ಎಕ್ಸ್‌ಚೇಂಜಿನ ಸ್ಥಾನದಲ್ಲಿ ನಿಲ್ಲಿಸಿದ ಅಣಕು ಸರ್ವರಿಗೆ ಎಷ್ಟು ಆರ್ಡರ್ ತಲುಪಿತು ಎಂದು ಎಣಿಸಬೇಕು.

ನಿಜವಾದ ವಹಿವಾಟಿನಲ್ಲಿ ಗಮನಿಸಬೇಕಾದ ಸಂಖ್ಯೆಗಳಲ್ಲಿ ಮೊದಲನೆಯದು, ಹಳೆಯ ಕೀಯೊಂದಿಗೆ ಬಂದ ವಿನಂತಿಗಳ ಎಣಿಕೆ. ಅದು ದಿನವಿಡೀ ಸೊನ್ನೆಯಾಗಿದ್ದರೆ ಸಂತೋಷಪಡುವ ಬದಲು ಅನುಮಾನಿಸಿ. ಟೈಮ್‌ಔಟ್‌ಗಳು ಆಗುತ್ತಿದ್ದೂ ಅದು ಸೊನ್ನೆಯಾಗಿದ್ದರೆ, ಎಲ್ಲೋ ಲೂಪಿನ ಒಳಗೆ ಹೊಸ ಕೀ ಹುಟ್ಟುತ್ತಿದೆ. ಇನ್ನೊಂದು, `SENDING` ಅಥವಾ "ಗೊತ್ತಿಲ್ಲ" ಸ್ಥಿತಿಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ನಿಂತ ಆರ್ಡರ್‌ಗಳು; ಇವುಗಳಿಗೆ ಎಚ್ಚರಿಕೆಯ ಕರೆ ಹೋಗಬೇಕು. ವಹಿವಾಟು 3:30ಕ್ಕೆ ಮುಗಿದ ನಂತರ ಎಕ್ಸ್‌ಚೇಂಜಿನ ಟ್ರೇಡ್ ಕಡತವನ್ನು ನಿಮ್ಮ ಕೋಷ್ಟಕದೊಂದಿಗೆ ಕೀಯ ಆಧಾರದ ಮೇಲೆ ತಾಳೆ ನೋಡಿ, ನಿಮ್ಮಲ್ಲಿಲ್ಲದ ಆರ್ಡರಿನ ಟ್ರೇಡ್ ಅಲ್ಲಿದ್ದರೆ ಅಂದು ಸಂಜೆಯೇ ಅದರ ಮೂಲ ಹುಡುಕಿ, ಏಕೆಂದರೆ ಮರುದಿನ 9:15ಕ್ಕೆ ಅದು ಗ್ರಾಹಕನ ಖಾತೆಯಲ್ಲಿ ಬೆಲೆಯೊಂದಿಗೆ ಏರಿಳಿಯತೊಡಗುತ್ತದೆ.